‘ಸದಸ್ಯನು’ ಎಂದಿದ್ದಲ್ಲಿ ‘ಸದಸ್ಯರು’ ಎಂದು ಬರೆದಾಗ

ಕಾರವಾರದ ಒಂದು ಮುದ್ರಣಾಲಯದಲ್ಲಿ ಅಕ್ಷರ ಜೋಡಿಸುವುದು ಮತ್ತು ಕರಡು ತಿದ್ದುವುದು ನನ್ನ ಕೆಲಸ. ನಮ್ಮ ಕರಾವಳಿಯ ಒಂದು ಮೀನುಗಾರರ ಸಹಕಾರಿ ಸಂಘವು ತನ್ನ ಸದಸ್ಯರ ಕೈಪಿಡಿಯನ್ನು ಮರುಮುದ್ರಣಕ್ಕೆ ಕೊಟ್ಟಾಗ, ಅದರ ಭಾಷೆಯನ್ನೂ ಒಮ್ಮೆ ನೋಡಿಕೊಡಬೇಕೆಂದು ಕಾರ್ಯದರ್ಶಿಯವರು ಕೇಳಿಕೊಂಡರು. ಮೊದಲ ಪುಟದಿಂದ ಕೊನೆಯ ಪುಟದವರೆಗೂ ಸದಸ್ಯನು, ಸಾಲಗಾರನು, ಜಾಮೀನುದಾರನು ಎಂದೇ ಇತ್ತು. ಮಹಿಳೆಯರ ಮಾತು ಬಂದದ್ದು ಒಂದೆರಡು ಕಡೆ ಮಾತ್ರ, ಅದೂ ‘ಮೀನುಗಾರರು ಹಾಗೂ ಅವರ ಹೆಂಗಸರು’ ಎಂಬ ರೀತಿಯಲ್ಲಿ. ಸಂಘದಲ್ಲಿ ತಮ್ಮದೇ ಹೆಸರಿನ ಷೇರು ಹೊಂದಿರುವ ಮಹಿಳೆಯರು ಅನೇಕರಿದ್ದಾರೆ.

ಪುಲ್ಲಿಂಗದಲ್ಲಿ ಬರೆದರೆ ಸ್ತ್ರೀಯರೂ ಅದರಲ್ಲಿ ಸೇರುತ್ತಾರೆಂದು ಕಾನೂನೇ ಹೇಳುತ್ತದಲ್ಲ ಎಂದು ಕಾರ್ಯದರ್ಶಿಯವರು ಮೊದಲು ಕೇಳಿದರು. ಅದು ನಿಜ, 1897ರ ಜನರಲ್ ಕ್ಲಾಸಸ್ ಕಾಯ್ದೆಯ 13ನೇ ಪ್ರಕರಣದಲ್ಲಿ ಹಾಗೆಯೇ ಇದೆ. ಆದರೆ ಆ ಪ್ರಕರಣವು ಕಾಯ್ದೆಯನ್ನು ಅರ್ಥೈಸುವವರಿಗಾಗಿ ಇರುವುದೇ ಹೊರತು, ಸಾಲದ ಅರ್ಜಿ ಹಿಡಿದು ಕೌಂಟರಿನ ಮುಂದೆ ನಿಂತವರಿಗಾಗಿ ಅಲ್ಲ. ಮೀನು ಪೇಟೆಯಲ್ಲಿ ನನಗೆ ಪರಿಚಯವಿರುವ ಅಕ್ಕನೊಬ್ಬರಿಗೆ ಸಾಲದ ನಿಯಮವನ್ನು ಓದಿ ಹೇಳಿದಾಗ ಅವರು, “ಇದು ಗಂಡಸ್ರಿಗೆ ಬರ್ದದ್ದು ಅಲ್ದಾ ತಂಗಿ?” ಎಂದು ಕೇಳಿದರು. ಅವರು ಸಂಘದ ಸದಸ್ಯರು. ಆ ಮಾತನ್ನು ನಾನು ಕಾರ್ಯದರ್ಶಿಯವರಿಗೆ ಹಾಗೆಯೇ ತಿಳಿಸಿದೆ, ಕೆಲಸ ಮುಂದುವರಿಯಿತು.

ಇಂಥ ತಿದ್ದುಪಡಿಗೆ ಕನ್ನಡವು ಒಂದು ಅನುಕೂಲವನ್ನು ತಾನೇ ಒದಗಿಸುತ್ತದೆ. ಅವನು, ಅವಳು ಎಂದು ಏಕವಚನದಲ್ಲಿ ಬೇರೆಯಾಗುವ ಲಿಂಗಭೇದವು ‘ಅವರು’ ಎಂಬಲ್ಲಿ ಇಲ್ಲವಾಗುತ್ತದೆ, ಜೊತೆಗೆ ಗೌರವವೂ ಸೇರುತ್ತದೆ. ನಿಯಮದ ಭಾಷೆಯಲ್ಲಿ ಬರುವ ‘ಪಾವತಿಸತಕ್ಕದ್ದು’, ‘ಸಲ್ಲಿಸಬೇಕು’ ಎಂಬ ಕ್ರಿಯಾರೂಪಗಳಿಗೆ ಲಿಂಗವೇ ಇಲ್ಲ. ಆದ್ದರಿಂದ ‘ಸದಸ್ಯನು/ಸದಸ್ಯಳು’ ಎಂದು ಗೆರೆ ಹಾಕಿ ಎರಡೆರಡು ರೂಪ ಬರೆಯುವ ಅಗತ್ಯ ನನಗೆ ಎಲ್ಲಿಯೂ ಕಾಣಲಿಲ್ಲ. ಹಾಗೆ ಬರೆದರೆ ಓದು ಮುಗ್ಗರಿಸುತ್ತದೆ, ಆ ಎರಡರಲ್ಲಿ ಯಾವುದಕ್ಕೂ ಸೇರದವರು ಹೊರಗೇ ಉಳಿಯುತ್ತಾರೆ.

ಅನುಕೂಲವಿದೆಯೆಂದು ಅವಸರ ಮಾಡಿದ್ದು ನನ್ನ ತಪ್ಪು. ಕಡತದಲ್ಲಿರುವ ‘ನು’ಗಳನ್ನೆಲ್ಲ ‘ರು’ ಎಂದು ಒಂದೇ ಬಾರಿಗೆ ಬದಲಿಸಲು ಕಂಪ್ಯೂಟರಿಗೆ ಆದೇಶ ಕೊಟ್ಟೆ. ಮೀನು ‘ಮೀರು’ ಆಯಿತು, ಜಾಮೀನು ‘ಜಾಮೀರು’ ಆಯಿತು, ಕಾನೂನು ‘ಕಾನೂರು’ ಆಯಿತು, ‘ಹಣವನ್ನು’ ಎಂಬಲ್ಲಿನ ಒತ್ತಕ್ಷರವೂ ಕೆಟ್ಟು ‘ಹಣವನ್ರು’ ಎಂದಾಯಿತು. ಮೂಲ ಕಡತವನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಂಡಿದ್ದರಿಂದ ಮತ್ತೆ ಮೊದಲಿನಿಂದ ಆರಂಭಿಸಿದೆ. ಈ ಸಲ ಹುಡುಕುವುದಕ್ಕೆ ಮಾತ್ರ ಯಂತ್ರವನ್ನು ಬಳಸಿ, ಬದಲಾವಣೆಯನ್ನು ಒಂದೊಂದಾಗಿ ಕೈಯಿಂದಲೇ ಮಾಡಿದೆ. ಹುಡುಕುವಾಗಲೂ ಒಂದು ತೊಡಕಿದೆ. ‘ಅವನು’ ಎಂದು ಹುಡುಕಿದರೆ ಸಂಧಿಯಾಗಿರುವ ‘ಪಡೆದವನು’, ‘ಇಚ್ಛಿಸುವವನು’ ಸಿಗುವುದಿಲ್ಲ. ‘ವನ’ ಎಂದು ಹುಡುಕಿದರೆ ಅವು ಸಿಗುತ್ತವೆ, ಆದರೆ ಜೀವನ, ಭವನಗಳೂ ಜೊತೆಯಲ್ಲಿ ಬರುತ್ತವೆ. ಹಾಗಾಗಿ ಕೊನೆಯಲ್ಲಿ ಇಡೀ ಕೈಪಿಡಿಯನ್ನು ಒಮ್ಮೆ ಗಟ್ಟಿಯಾಗಿ ಓದಲೇಬೇಕಾಯಿತು. ಕರ್ತೃಪದವನ್ನು ತಿದ್ದಿ ‘ತನ್ನ’ ಎಂಬುದನ್ನು ‘ತಮ್ಮ’ ಮಾಡಲು ಮರೆತ ಕಡೆಗಳನ್ನು ಹಿಡಿದುಕೊಟ್ಟದ್ದು ಕಣ್ಣಲ್ಲ, ಕಿವಿ.

ನಿಜವಾದ ಕಷ್ಟ ಎದುರಾದದ್ದು ಸಾಲದ ನಿಯಮದಲ್ಲಿ. ಮೂಲದಲ್ಲಿ ಹೀಗಿತ್ತು: ‘ಸಾಲ ಪಡೆದವನು ಕಂತು ಕಟ್ಟಲು ತಪ್ಪಿದಲ್ಲಿ ಅವನ ಜಾಮೀನುದಾರನು ಅವನ ಬಾಕಿಯನ್ನು ತನ್ನ ಠೇವಣಿಯಿಂದ ತೀರಿಸತಕ್ಕದ್ದು.’ ಇದನ್ನು ನೇರವಾಗಿ ಬಹುವಚನಕ್ಕೆ ತಂದರೆ ‘ಅವರ ಜಾಮೀನುದಾರರು ಅವರ ಬಾಕಿಯನ್ನು ತಮ್ಮ ಠೇವಣಿಯಿಂದ’ ಎಂದಾಗುತ್ತದೆ. ವ್ಯಾಕರಣದಲ್ಲಿ ತಪ್ಪಿಲ್ಲ, ಅರ್ಥ ಮಾತ್ರ ಜಾರಿದೆ. ‘ಜಾಮೀನುದಾರನು’ ಎಂದಿದ್ದಾಗ ಒಬ್ಬರೇ ಎಂಬುದು ಸ್ಪಷ್ಟವಾಗಿತ್ತು. ‘ಜಾಮೀನುದಾರರು’ ಎಂದಾಗ ಅದು ಗೌರವಕ್ಕೋ ಸಂಖ್ಯೆಗೋ ತಿಳಿಯುವುದಿಲ್ಲ. ಇಬ್ಬರು ಹಂಚಿಕೊಂಡು ತೀರಿಸಬೇಕೆಂದೂ ಯಾರಾದರೂ ವಾದಿಸಬಹುದು. ಹಣದ ವಿಷಯದಲ್ಲಿ ಅಂಥ ಸಂದಿಯನ್ನು ಬಿಡುವಂತಿಲ್ಲ. ಸರ್ವನಾಮಗಳನ್ನು ಆದಷ್ಟು ಕೈಬಿಟ್ಟು ವಾಕ್ಯವನ್ನು ಸಾಲದ ಸುತ್ತ ಕಟ್ಟಿದೆ: ‘ಸಾಲದ ಕಂತು ತಪ್ಪಿದಲ್ಲಿ, ಆ ಸಾಲಕ್ಕೆ ಜಾಮೀನು ನಿಂತ ಸದಸ್ಯರು ಬಾಕಿಯನ್ನು ತಮ್ಮ ಠೇವಣಿಯಿಂದ ತೀರಿಸತಕ್ಕದ್ದು. ಒಂದು ಸಾಲಕ್ಕೆ ಒಬ್ಬರೇ ಜಾಮೀನುದಾರರಿರುತ್ತಾರೆ.’ ಮತದಾನದ ನಿಯಮದಲ್ಲಿಯೂ ಇದೇ ಎಚ್ಚರ ಬೇಕಾಯಿತು. ‘ಸದಸ್ಯರಿಗೆ ಒಂದು ಮತ’ ಎಂದರೆ ಎಲ್ಲರಿಗೂ ಸೇರಿ ಒಂದು ಎಂದಾದೀತು. ‘ಪ್ರತಿಯೊಬ್ಬ ಸದಸ್ಯರಿಗೂ ಒಂದು ಮತ’ ಎಂದರೆ ಸಂಶಯಕ್ಕೆ ಎಡೆಯಿಲ್ಲ.

‘ಮೀನುಗಾರರು ಹಾಗೂ ಅವರ ಹೆಂಗಸರು’ ಎಂಬುದನ್ನು ತಿದ್ದಲು ಹೆಚ್ಚು ಯೋಚಿಸಬೇಕಾಯಿತು. ಮೀನು ಒಣಗಿಸುವವರು, ಬುಟ್ಟಿ ಹೊತ್ತು ಮಾರುವವರು, ಅಳಿವೆಯಲ್ಲಿ ಬಳಚು ಆರಿಸುವವರು ಮೀನುಗಾರರಲ್ಲ, ಮೀನುಗಾರರಿಗೆ ಸೇರಿದವರು ಎಂಬ ಧ್ವನಿ ಆ ಮಾತಿನಲ್ಲಿದೆ. ಅದನ್ನು ತೆಗೆದು ಎಲ್ಲ ಕಡೆಯೂ ‘ಮೀನುಗಾರರು’ ಎಂದಷ್ಟೇ ಬರೆಯಲು ಹೊರಟೆ. ಆದರೆ ಕೈಪಿಡಿಯ ಒಂದು ಭಾಗ ದೋಣಿಯಲ್ಲಿ ಕಡಲಿಗೆ ಇಳಿಯುವವರ ಜೀವರಕ್ಷಕ ಅಂಗಿಗೆ ಸಂಬಂಧಿಸಿದ್ದು, ಇನ್ನೊಂದು ಪೇಟೆಯಲ್ಲಿ ಮಾರುವವರ ಮಂಜುಗಡ್ಡೆಗೆ ಸಂಬಂಧಿಸಿದ್ದು. ಎರಡಕ್ಕೂ ಒಂದೇ ಪದ ಬಳಸಿದರೆ ಯಾರಿಗೆ ಏನು ಸಿಗುತ್ತದೆಂಬುದೇ ಅಳಿಸಿಹೋಗುತ್ತದೆ. ಆದ್ದರಿಂದ ಲಿಂಗದಿಂದ ಗುರುತಿಸಿದ್ದನ್ನು ಕೆಲಸದಿಂದ ಗುರುತಿಸಿ, ‘ಕಡಲಿಗೆ ಹೋಗುವ ಸದಸ್ಯರು’ ಎಂದೂ ‘ಮೀನು ಮಾರುವ ಸದಸ್ಯರು’ ಎಂದೂ ಬರೆದೆ. ಎಲ್ಲರನ್ನೂ ಕುರಿತ ನಿಯಮಗಳಲ್ಲಿ ಮಾತ್ರ ‘ಮೀನುಗಾರರು’ ಎಂದು ಉಳಿಸಿದೆ. ಆಡಳಿತ ಮಂಡಳಿಯಲ್ಲಿ ಮಹಿಳೆಯರಿಗೆ ಮೀಸಲಾದ ಸ್ಥಾನದ ನಿಯಮವನ್ನು ಮುಟ್ಟಲಿಲ್ಲ, ಏಕೆಂದರೆ ಅಲ್ಲಿ ‘ಮಹಿಳಾ’ ಎಂಬ ಪದವೇ ನಿಯಮದ ಜೀವ.

ಸಹಾಯಧನದ ಪುಟದಲ್ಲಿದ್ದ ‘ಕುಂಟ, ಕುರುಡ ಮುಂತಾದ ಕೈಲಾಗದವರಿಗೆ’ ಎಂಬ ಸಾಲನ್ನು ಓದುವಾಗ ನನಗೆ ನೋವಾಯಿತು. ಅಲ್ಲಿ ಮೃದುವಾದ ಪದವೊಂದನ್ನು ಹುಡುಕಿ ಕೂರಿಸುವುದಕ್ಕಿಂತ, ‘ಕೈಲಾಗದ’ ಎಂಬ ತೀರ್ಪಿನ ಹಿಂದಿರುವ ಷರತ್ತೇನೆಂದು ಕೇಳುವುದು ಮುಖ್ಯವೆನಿಸಿತು. ದುಡಿಮೆ ನಿಂತವರಿಗೆ ಈ ಹಣ ಎಂದು ಕಾರ್ಯದರ್ಶಿಯವರು ವಿವರಿಸಿದರು. ‘ಅಂಗವೈಕಲ್ಯದಿಂದಾಗಿ ಮೀನುಗಾರಿಕೆಯ ದುಡಿಮೆ ನಿಂತಿರುವ ಸದಸ್ಯರಿಗೆ’ ಎಂದು ಬರೆದೆ. ಮೂಲದ ‘ಮುಂತಾದ’ ಎಂಬುದೂ ಇದರಲ್ಲಿ ಅಡಕವಾಗಿದೆ, ಯಾರೂ ಹೊರಗುಳಿಯುವುದಿಲ್ಲ. ಅದೇ ಪುಟದಲ್ಲಿ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಹೆಸರಿತ್ತು. ‘ವಿಕಲಚೇತನ’ ಎಂಬ ಪದ ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಊನವಾದದ್ದು ಚೇತನವಲ್ಲ. ಆದರೂ ಇಲಾಖೆಯ ಹೆಸರನ್ನು ನಾವು ಬದಲಿಸಿ ಅಚ್ಚು ಹಾಕಿದರೆ, ಅರ್ಜಿ ಹಿಡಿದವರು ಯಾವ ಕಚೇರಿಯ ಬಾಗಿಲಿಗೆ ಹೋಗಬೇಕು? ಹಾಗೆಯೇ ಉಳಿಸಿದೆ.

‘ಸದಸ್ಯನು ಮೃತನಾದಲ್ಲಿ ಅವನ ಹೆಂಡತಿಗೆ ಷೇರು ಹಣ’ ಎಂಬ ಸಾಲನ್ನು ನಾನಾಗಿ ತಿದ್ದಲಿಲ್ಲ. ‘ಪತಿ ಅಥವಾ ಪತ್ನಿಗೆ’ ಎಂದು ಮಾಡುವುದು ಸುಲಭವಿತ್ತು, ಆದರೆ ಅದು ಭಾಷೆಯ ಬದಲಾವಣೆಯೋ ಹಕ್ಕಿನ ಬದಲಾವಣೆಯೋ ನನಗೆ ಖಚಿತವಾಗಲಿಲ್ಲ. ಸಂಘದ ಬೈಲಾ ತೆಗೆಸಿ ನೋಡಿದಾಗ ಅಲ್ಲಿ ಹೆಂಡತಿಯ ಮಾತೇ ಇರಲಿಲ್ಲ. ಸದಸ್ಯನು ನಾಮನಿರ್ದೇಶನ ಮಾಡಿದ ವ್ಯಕ್ತಿಗೆ ಎಂದಿತ್ತು. ಕೈಪಿಡಿ ಬರೆದವರು ತಮ್ಮ ಊಹೆಯನ್ನು ಸೇರಿಸಿದ್ದರು. ಬೈಲಾದ ಅರ್ಥಕ್ಕೇ ಮರಳಿ ‘ಮೃತ ಸದಸ್ಯರು ನಾಮನಿರ್ದೇಶನ ಮಾಡಿದ್ದ ವ್ಯಕ್ತಿಗೆ’ ಎಂದು ಮಾಡಿದೆವು.

ಬೈಲಾದಲ್ಲಿ ‘ಸದಸ್ಯನು’ ಎಂಬುದು ಇಂದಿಗೂ ಹಾಗೆಯೇ ಇದೆ. ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ, 1959ರ ಪ್ರಕಾರ ಅದರ ತಿದ್ದುಪಡಿಯು ಸಹಕಾರ ಇಲಾಖೆಯಲ್ಲಿ ನೋಂದಣಿಯಾಗಬೇಕು. ಮುದ್ರಣಾಲಯದ ಮೇಜಿನ ಮೇಲೆ ಆಗುವ ಕೆಲಸ ಅದಲ್ಲ. ಆದ್ದರಿಂದ ಕೈಪಿಡಿಯ ಎರಡನೆಯ ಪುಟದಲ್ಲಿ, ಕಾರ್ಯದರ್ಶಿಯವರ ಒಪ್ಪಿಗೆ ಪಡೆದು ಹೀಗೆ ಅಚ್ಚು ಹಾಕಿದೆವು: ‘ಈ ಕೈಪಿಡಿಯ ಮಾತಿಗೂ ಬೈಲಾದ ಮಾತಿಗೂ ವ್ಯತ್ಯಾಸ ಕಂಡುಬಂದಲ್ಲಿ ಬೈಲಾವೇ ಅಂತಿಮ. ಬೈಲಾದಲ್ಲಿ ಸದಸ್ಯನು ಎಂದಿರುವಲ್ಲೆಲ್ಲ ಸಂಘದ ಎಲ್ಲ ಸದಸ್ಯರೂ ಸೇರುತ್ತಾರೆ.’