ಎರಡು ಪಂಪ್‌ಗೆ ಸರಿ, ಒಂದೇ ಓಡಿದರೆ? ಒಂದು ಡೇಟಾಶೀಟ್ ಪರಿಶೀಲಿಸಿದ ನನ್ನ ಅನುಭವ

ರಾಯಚೂರು ಕಡೆಯ ಒಂದು ಬಹುಗ್ರಾಮ ಕುಡಿಯುವ ನೀರಿನ ಯೋಜನೆ. ಕಾಂಟ್ರಾಕ್ಟರ್ ಕಳಿಸುವ ಡ್ರಾಯಿಂಗ್, ಡೇಟಾಶೀಟ್‌ಗಳನ್ನು ನೋಡಿ ಕಾಮೆಂಟ್ ಪತ್ರ ಬರೆಯುವುದು ನನ್ನ ಕೆಲಸವಾಗಿತ್ತು. ಶುದ್ಧ ನೀರಿನ ಪಂಪ್ ಹೌಸ್‌ಗೆ ಮೂರು ಪಂಪ್: ಎರಡು ಒಟ್ಟಿಗೆ ಓಡಬೇಕು, ಒಂದು ಸ್ಟ್ಯಾಂಡ್‌ಬೈ. ಒಂದೊಂದೂ ಗಂಟೆಗೆ 250 ಘನ ಮೀಟರ್ ನೀರನ್ನು 62 ಮೀಟರ್ ಹೆಡ್‌ಗೆ ಎತ್ತಬೇಕು.

ಡೇಟಾಶೀಟ್ ತೆರೆಯುವ ಮುಂಚೆ ನಾನು ಹೆಡ್ ಲೆಕ್ಕವನ್ನು ಮತ್ತೆ ಮಾಡಿಕೊಳ್ಳುತ್ತೇನೆ. ಕಾಂಟ್ರಾಕ್ಟರ್ ಬರೆದ ಸಂಖ್ಯೆ ಮೊದಲು ಕಣ್ಣಿಗೆ ಬಿದ್ದರೆ ಮನಸ್ಸು ಅದನ್ನೇ ಒಪ್ಪಿಕೊಂಡುಬಿಡುತ್ತದೆ. ಸಂಪ್‌ನ ಕನಿಷ್ಠ ನೀರಿನ ಮಟ್ಟದಿಂದ ಟ್ಯಾಂಕ್‌ನ ಇನ್ಲೆಟ್‌ವರೆಗೆ 44 ಮೀಟರ್. ಎರಡೂ ಪಂಪ್ ಓಡುವಾಗ ರೈಸಿಂಗ್ ಮೇನ್ ಮತ್ತು ಪಂಪ್ ಹೌಸ್ ಪೈಪುಗಳಲ್ಲಿ 18 ಮೀಟರ್ ನಷ್ಟ. ಒಟ್ಟು 62. ಮೊದಲು ಇದು 57.5 ಇತ್ತು. ಟ್ಯಾಂಕನ್ನು ಎತ್ತರದ ಜಾಗಕ್ಕೆ ಬದಲಾಯಿಸಿದ ಮೇಲೆ ಏರಿತ್ತು. ಈ ಹಳೆಯ ಸಂಖ್ಯೆಯನ್ನು ಮಾರ್ಜಿನ್‌ನಲ್ಲಿ ಗುರುತು ಹಾಕಿಟ್ಟುಕೊಂಡೆ.

ಡೇಟಾಶೀಟ್‌ನಲ್ಲಿ ಇದ್ದದ್ದು: 250 ಘನ ಮೀಟರ್, 62 ಮೀಟರ್, ದಕ್ಷತೆ 82 ಶೇಕಡಾ, ಶಾಫ್ಟ್ ಪವರ್ 47.8 ಕಿಲೋವ್ಯಾಟ್, ಮೋಟರ್ 55 ಕಿಲೋವ್ಯಾಟ್, ಮಾರ್ಜಿನ್ 15 ಶೇಕಡಾ. ನಮ್ಮ ಸ್ಪೆಸಿಫಿಕೇಶನ್ ಕೇಳಿದ್ದೂ 15 ಶೇಕಡಾ. ಮೇಲ್ನೋಟಕ್ಕೆ ಎಲ್ಲ ಚೊಕ್ಕ. ಆದರೆ ಮೊದಲ ನಾಲ್ಕು ಸಂಖ್ಯೆಗಳು ಒಂದಕ್ಕೊಂದು ತಾಳೆಯಾಗಬೇಕು, ಅಲ್ವಾ? ಅದಕ್ಕೆ ಕ್ಯಾಲ್ಕುಲೇಟರ್‌ನಲ್ಲಿ ಅರ್ಧ ನಿಮಿಷ ಸಾಕು. Q ಗಂಟೆಯ ಡಿಸ್ಚಾರ್ಜ್, H ಹೆಡ್, η ದಕ್ಷತೆ:

```
kW = Q × H / (367 × η)
250 × 62 / (367 × 0.82) = 51.5
```

47.8 ಎಲ್ಲಿಂದ ಬಂತು? ಹೆಡ್ ಜಾಗದಲ್ಲಿ 57.5 ಹಾಕಿ ನೋಡಿದೆ. ಸರಿಯಾಗಿ 47.8 ಬಂತು. ಪರಿಷ್ಕರಿಸುವಾಗ ಹೆಡ್ ತಿದ್ದಿದ್ದರು, ಪವರ್ ಹಳೆಯದೇ ಉಳಿದಿತ್ತು. ಅದರ ಮೇಲೆ ಲೆಕ್ಕ ಹಾಕಿದ ಮಾರ್ಜಿನ್ ಕೂಡ ಹಳೆಯದೇ. 51.5 ಹಿಡಿದರೆ ಮಾರ್ಜಿನ್ 7 ಶೇಕಡಾ ಕೂಡ ಇಲ್ಲ.

ಮುಂದಿನದು ಕರ್ವ್, ಅಂದರೆ ಪಂಪ್ ಯಾವ ಹೆಡ್‌ಗೆ ಎಷ್ಟು ನೀರು ಎತ್ತುತ್ತದೆ, ಎಷ್ಟು ದಕ್ಷತೆಯಲ್ಲಿ ಎಂದು ತೋರಿಸುವ ನಕ್ಷೆ. ಡೇಟಾಶೀಟ್ ಹೇಳಿದ್ದನ್ನು ಕರ್ವ್ ಕೂಡ ಹೇಳಬೇಕು. ಅದರಲ್ಲಿ ಇಂಪೆಲ್ಲರ್‌ನ ಮೂರು ವ್ಯಾಸಗಳ ಗೆರೆಗಳಿದ್ದವು. 82 ಶೇಕಡಾ ಇದ್ದದ್ದು ಅತಿ ದೊಡ್ಡ ಇಂಪೆಲ್ಲರ್‌ನ ಗೆರೆಯ ಮೇಲೆ, ಬೇರೆ ಡಿಸ್ಚಾರ್ಜ್‌ನಲ್ಲಿ. ನಮಗೆ ಕೊಡುವ ಇಂಪೆಲ್ಲರ್ ಅದಕ್ಕಿಂತ ಚಿಕ್ಕದು. ಅದರ ಗೆರೆಯಲ್ಲಿ 250ರ ಹತ್ತಿರ ಸ್ಕೇಲ್ ಇಟ್ಟು ಓದಿದರೆ 79. ಅಂದರೆ ಹಾಳೆಯಲ್ಲಿ ಕಾಣುವ ಅತ್ಯುತ್ತಮ ಸಂಖ್ಯೆಯನ್ನೇ ಎತ್ತಿ ಬರೆದಿದ್ದರು. 79ಕ್ಕೆ ಶಾಫ್ಟ್ ಪವರ್ 53.5 ಕಿಲೋವ್ಯಾಟ್ ಆಗುತ್ತದೆ. ಸ್ಪೆಸಿಫಿಕೇಶನ್ ಕೇಳಿದ್ದು ಕನಿಷ್ಠ 80.

ಮೂರು ಶೇಕಡಾ ಸಣ್ಣದು ಅನ್ನಿಸಬಹುದು. ಪಂಪ್ ಒಂದಕ್ಕೆ 2 ಕಿಲೋವ್ಯಾಟ್ ಜಾಸ್ತಿ. ಎರಡು ಪಂಪ್ ದಿನಕ್ಕೆ 16 ಗಂಟೆ ಓಡಿದರೆ, ಮೋಟರ್ ನಷ್ಟವೂ ಸೇರಿ, ವರ್ಷಕ್ಕೆ ಸುಮಾರು 24,500 ಯೂನಿಟ್. ಆ ಬಿಲ್ಲನ್ನು ಕಾಂಟ್ರಾಕ್ಟರ್ ಕಟ್ಟುವುದಿಲ್ಲ. ಯೋಜನೆ ಇರುವಷ್ಟು ವರ್ಷವೂ ಊರಿನವರ ದುಡ್ಡಿನಿಂದಲೇ ಹೋಗಬೇಕು. ಹಾಗಾಗಿ ಈ ಅಂಕಿಯನ್ನು ನಾನು ಬಿಡುವುದಿಲ್ಲ. ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು: ಟೆಸ್ಟ್ ಐಎಸ್‌ಒ 9906 ಗ್ರೇಡ್ 2ಬಿ ಪ್ರಕಾರ. ಆ ಗ್ರೇಡ್ ದಕ್ಷತೆಯಲ್ಲಿ 5 ಶೇಕಡಾ ಇಳಿತ ಒಪ್ಪುತ್ತದೆ. ಹಾಗಾದರೆ 79 ಎಂದ ಪಂಪ್ 75 ಕೊಟ್ಟರೂ ಪಾಸ್.

ಇಷ್ಟು ಎಲ್ಲರೂ ನೋಡುತ್ತಾರೆ. ನನಗೆ ನಿಜವಾಗಿ ಚಿಂತೆ ಹತ್ತಿದ್ದು ಒಂದೇ ಪಂಪ್ ಓಡುವ ಹೊತ್ತಿನ ಬಗ್ಗೆ. 18 ಮೀಟರ್ ನಷ್ಟ ಎರಡು ಪಂಪ್‌ಗಳ ನೀರು ಒಂದೇ ಪೈಪಿನಲ್ಲಿ ಹೋಗುವಾಗಿನ ಮಾತು. ಒಂದು ನಿಂತರೆ ಪೈಪಿನಲ್ಲಿ ನೀರು ಕಡಿಮೆ, ನಷ್ಟ ಕುಸಿಯುತ್ತದೆ, ಉಳಿದ ಪಂಪ್‌ಗೆ ಹೆಡ್ ಹಗುರವಾಗುತ್ತದೆ. ಆಗ ಅದು ಕರ್ವ್‌ನಲ್ಲಿ ಬಲಕ್ಕೆ ಜಾರಿ ಹೆಚ್ಚು ನೀರು ಎತ್ತುತ್ತದೆ. ಎಷ್ಟು ನೀರು ಹೋದರೆ ಪೈಪ್‌ಲೈನ್ ಎಷ್ಟು ಹೆಡ್ ಕೇಳುತ್ತದೆ ಎಂದು ತೋರಿಸುವ ಸಿಸ್ಟಮ್ ಕರ್ವನ್ನು ಅವರ ಪಂಪ್ ಕರ್ವ್ ಮೇಲೆ ನಾನೇ ಎಳೆದೆ. ಎರಡೂ ಕರ್ವ್ ಸೇರಿದ ಜಾಗ: 322 ಘನ ಮೀಟರ್, 51.5 ಮೀಟರ್. ಅಲ್ಲಿ ದಕ್ಷತೆ 76. ಪವರ್ 59.5 ಕಿಲೋವ್ಯಾಟ್. ಸಂಪ್ ತುಂಬಿದ್ದರೆ ಎತ್ತಬೇಕಾದ ಎತ್ತರ 3 ಮೀಟರ್ ಕಡಿಮೆ, ಪವರ್ 60 ದಾಟುತ್ತದೆ. ಮೋಟರ್ 55ರದ್ದು!

ಒಂದೇ ಪಂಪ್ ಓಡುವುದು ಅಪರೂಪವೇನಲ್ಲ. ಒಂದು ರಿಪೇರಿಗೆ ಹೋದಾಗ, ನೀರಿನ ಬೇಡಿಕೆ ಕಡಿಮೆ ಇದ್ದಾಗ ಆಪರೇಟರ್ ಒಂದನ್ನೇ ಹಾಕುತ್ತಾನೆ. ಓವರ್‌ಲೋಡ್ ರಿಲೇ ಟ್ರಿಪ್ ಆಗುತ್ತದೆ. ಊರಿಗೆ ನೀರು ಬೇಕು, ಹಾಗಾಗಿ ರಿಲೇ ಸೆಟ್ಟಿಂಗ್ ಏರಿಸುತ್ತಾರೆ. ಆಮೇಲೆ ವೈಂಡಿಂಗ್ ಸುಡುತ್ತದೆ. ಮೇಲಾಗಿ ಸಾಮಾನ್ಯ ಮೋಟರ್‌ನ ರೇಟಿಂಗ್ ಇರುವುದು 40 ಡಿಗ್ರಿ ವಾತಾವರಣಕ್ಕೆ. ಆ ಕಡೆ ಮೇ ತಿಂಗಳಲ್ಲಿ ಪಂಪ್ ಹೌಸ್ ಒಳಗೆ 45 ಇರುತ್ತದೆ.

ಪತ್ರ ಇಂಗ್ಲಿಷ್‌ನಲ್ಲಿತ್ತು. ಮೋಟರ್ ಕಾಮೆಂಟ್‌ನ ಸಾರ ಹೀಗೆ: "ಡೇಟಾಶೀಟ್ ಪುಟ 2ರ ಶಾಫ್ಟ್ ಪವರ್, ಅಲ್ಲಿಯೇ ಕೊಟ್ಟ ಡಿಸ್ಚಾರ್ಜ್, ಹೆಡ್ ಮತ್ತು ದಕ್ಷತೆಗೆ ಹೊಂದುವುದಿಲ್ಲ. ನಮ್ಮ ಲೆಕ್ಕ ಲಗತ್ತಿಸಿದೆ. ಒಂದು ಮತ್ತು ಎರಡು ಪಂಪ್ ಓಡುವ ಸ್ಥಿತಿಗಳ ಸಿಸ್ಟಮ್ ಕರ್ವ್‌ಗಳನ್ನು, ಸಂಪ್‌ನ ಕನಿಷ್ಠ ಮತ್ತು ಗರಿಷ್ಠ ಮಟ್ಟಕ್ಕೆ, ಪಂಪ್ ಕರ್ವ್ ಮೇಲೆ ತೋರಿಸಿ. ಈ ಇಡೀ ವ್ಯಾಪ್ತಿಯಲ್ಲಿ, 45 ಡಿಗ್ರಿಯಲ್ಲಿ, ಮೋಟರ್ ಓವರ್‌ಲೋಡ್ ಆಗದು ಎಂದು ತೋರಿಸಿ." ದಕ್ಷತೆಗೆ ಬೇರೆ ಕಾಮೆಂಟ್: ಕೊಡುವ ಇಂಪೆಲ್ಲರ್ ಗೆರೆಯ ಮೇಲೆ 250 ಘನ ಮೀಟರ್, 62 ಮೀಟರ್‌ನ ಡ್ಯೂಟಿ ಪಾಯಿಂಟ್ ಗುರುತಿಸಿ, ಅಲ್ಲಿನ ದಕ್ಷತೆಯನ್ನು ಇಳಿತದ ರಿಯಾಯಿತಿ ಇಲ್ಲದೆ ಗ್ಯಾರಂಟಿ ಕೊಡಿ. ಷರಾ: ತಿದ್ದಿ ಮತ್ತೆ ಸಲ್ಲಿಸಿ.

"75 ಕಿಲೋವ್ಯಾಟ್ ಮೋಟರ್ ಹಾಕಿ" ಎಂದು ಬೇಕಂತಲೇ ಬರೆಯಲಿಲ್ಲ. ಹಾಗೆ ಬರೆದರೆ ಆಯ್ಕೆ ನನ್ನದಾಗುತ್ತದೆ, ನಾಳೆ ತೊಂದರೆಯಾದರೆ ಹೊಣೆಯೂ ಕಾಂಟ್ರಾಕ್ಟರ್‌ನಿಂದ ನನ್ನ ಕಡೆಗೆ ಜಾರುತ್ತದೆ. ಯಾವ ಷರತ್ತು ಈಡೇರಿಲ್ಲ, ಏನು ತೋರಿಸಬೇಕು, ಅಷ್ಟೇ ಬರೆಯುತ್ತೇನೆ. ತಪ್ಪು ಹೇಗಾಯಿತೆಂಬ ನನ್ನ ಊಹೆಯನ್ನೂ ಪತ್ರಕ್ಕೆ ಹಾಕುವುದಿಲ್ಲ. 57.5ರ ವಿಷಯವನ್ನು ಫೋನಿನಲ್ಲಿ ಹೇಳಿದೆ.

ಕಾಂಟ್ರಾಕ್ಟರ್ ಕಡೆಯ ಎಂಜಿನಿಯರ್ ಕೇಳಿದರು, "ಸರ್, ಒಂದೇ ಪಂಪ್ ಓಡುವಾಗ ಡೆಲಿವರಿ ವಾಲ್ವ್ ಸ್ವಲ್ಪ ಮುಚ್ಚಿದರೆ ಆಗಲ್ವಾ?" ಲೆಕ್ಕದ ಪ್ರಕಾರ ಆಗುತ್ತದೆ. ಆದರೆ ರಾತ್ರಿ ಎರಡು ಗಂಟೆಗೆ ಆ ವಾಲ್ವನ್ನು ಎಷ್ಟು ಸುತ್ತು ತಿರುಗಿಸಬೇಕೆಂದು ಯಾರು ನೋಡುತ್ತಾರೆ? ಬಟರ್‌ಫ್ಲೈ ವಾಲ್ವನ್ನು ಹಾಗೆ ಅರೆಮುಚ್ಚಿ ಇಟ್ಟರೆ ಅದೂ ಬೇಗ ಸವೆಯುತ್ತದೆ. ಒಪ್ಪಲಿಲ್ಲ. ಪ್ಯಾನೆಲ್, ಕೇಬಲ್‌ಗೆ ಆರ್ಡರ್ ಹೋಗಿರಲಿಲ್ಲವಾದ್ದರಿಂದ ಮೋಟರ್ ಬದಲಾದರೆ ತಡವೂ ಆಗುತ್ತಿರಲಿಲ್ಲ.

ಮೂರು ವಾರದ ಮೇಲೆ ಬೇರೆ ಮಾಡೆಲ್ ಬಂತು. ಅದರ ಕರ್ವ್ ಹೆಚ್ಚು ಕಡಿದಾಗಿತ್ತು. ಒಂದೇ ಓಡಿದರೂ 307 ಘನ ಮೀಟರ್‌ಗೇ ನಿಲ್ಲುತ್ತಿತ್ತು. ಡ್ಯೂಟಿಯಲ್ಲಿ ದಕ್ಷತೆ 81.5, ಪವರ್ 51.8. ಒಂದೇ ಪಂಪ್‌ಗೆ 54. ಡ್ಯೂಟಿಯ ಪವರ್‌ಗೆ 15 ಶೇಕಡಾ ಸೇರಿಸಿದರೆ 59.6, ಅದರ ಮೇಲಿನ ಸ್ಟ್ಯಾಂಡರ್ಡ್ ಮೋಟರ್ 75. ಅದನ್ನೇ ಹಾಕಿದ್ದರು. ಕಮಿಷನಿಂಗ್ ದಿನ ಬೇಕಂತಲೇ ಒಂದು ಪಂಪ್ ನಿಲ್ಲಿಸಿಸಿ, ಒಂದು ಗಂಟೆ ಪ್ಯಾನೆಲ್ ಮುಂದೆ ನಿಂತೆ. ಅಮ್ಮೀಟರ್ ಮುಳ್ಳು 95ರ ಆಸುಪಾಸಿನಲ್ಲೇ ನಿಂತಿತ್ತು. ಮೋಟರ್‌ನ ಪೂರ್ಣ ಲೋಡ್ ಕರೆಂಟ್ 127.