ಟಿವಿಗೆ ಹೆಚ್ಚುವರಿ ವಾರಂಟಿ: ಕಾರ್ಡಿನ ಬೆಲೆ ಎಷ್ಟಿಡಬೇಕು?

ಟಿವಿ ಮಾರುವ ಅಂಗಡಿಯವರಲ್ಲಿ ಹೆಚ್ಚಿನವರು ಹೆಚ್ಚುವರಿ ವಾರಂಟಿಗೆ ದರ ಇಡುವುದು ಎರಡೇ ರೀತಿಯಲ್ಲಿ. ಒಂದೋ ಟಿವಿ ಬೆಲೆಯ ಮೇಲೆ ಇಷ್ಟು ಶೇಕಡಾ ಎಂದು ಹಾಕುತ್ತಾರೆ, ಇಲ್ಲವೇ ಎದುರು ಅಂಗಡಿಯವರು ಇಟ್ಟ ದರಕ್ಕಿಂತ ನೂರು ರೂಪಾಯಿ ಕಡಿಮೆ ಮಾಡುತ್ತಾರೆ. ಎರಡರಲ್ಲೂ ಮುಖ್ಯ ಪ್ರಶ್ನೆಯೇ ಉಳಿದುಬಿಡುತ್ತದೆ: ಮಾರಿದ ಪ್ರತಿ ಕಾರ್ಡಿನ ಹಿಂದೆ ಮುಂದೆ ರಿಪೇರಿಗೆ ಎಷ್ಟು ಖರ್ಚಾಗಲಿದೆ?

ಇದಕ್ಕೆ ಉತ್ತರ ಅಂಗಡಿಯ ರಿಪೇರಿ ರಿಜಿಸ್ಟರಿನಲ್ಲೇ ಇರುತ್ತದೆ. ಒಂದು ಕಲ್ಪಿತ ಅಂಗಡಿಯನ್ನು ಇಟ್ಟುಕೊಂಡು ನೋಡೋಣ. 30,000 ರೂಪಾಯಿಯ 43 ಇಂಚಿನ ಎಲ್‌ಇಡಿ ಟಿವಿ, ಕಂಪನಿಯ ವಾರಂಟಿ ಒಂದು ವರ್ಷ. ಅಂಗಡಿಯವರು ತಮ್ಮದೇ ಕಾರ್ಡು ಕೊಟ್ಟು ಎರಡನೇ ಮತ್ತು ಮೂರನೇ ವರ್ಷದ ರಿಪೇರಿ ನೋಡಿಕೊಳ್ಳಬೇಕೆಂದಿದ್ದಾರೆ. ಮುಂದಿನ ಅಂಕಿಗಳೆಲ್ಲ ಲೆಕ್ಕದ ದಾರಿ ತೋರಿಸಲು ಇಟ್ಟುಕೊಂಡವು. ನಿಮ್ಮ ಅಂಗಡಿಯ ಅಂಕಿ ಬೇರೆಯೇ ಇರುತ್ತದೆ.

ಮೊದಲು ರಿಜಿಸ್ಟರ್ ತೆಗೆಯಿರಿ

ಮಾರಾಟವಾಗಿ ಮೂರು ವರ್ಷ ತುಂಬಿದ ಟಿವಿಗಳನ್ನು ಮಾತ್ರ ಆರಿಸಿ. ಹೋದ ದೀಪಾವಳಿಗೆ ಮಾರಿದ್ದನ್ನು ಸೇರಿಸಿದರೆ ಲೆಕ್ಕ ಸುಳ್ಳಾಗುತ್ತದೆ, ಏಕೆಂದರೆ ಅವು ಕೆಡುವ ಕಾಲ ಇನ್ನೂ ಬಂದಿಲ್ಲ. 32 ಇಂಚು, 43 ಇಂಚು, 65 ಇಂಚುಗಳನ್ನು ಒಂದೇ ಬುಟ್ಟಿಗೆ ಹಾಕಬೇಡಿ. ಅವುಗಳ ಪ್ಯಾನೆಲ್ ಬೆಲೆಗಳ ನಡುವೆ ಅಜಗಜಾಂತರವಿದೆ. ಮೊದಲ ವರ್ಷದ ರಿಪೇರಿಗಳನ್ನೂ ಬಿಡಿ. ತಯಾರಿಕೆಯ ದೋಷದಿಂದ ಕೆಡುವವು ಹೆಚ್ಚಾಗಿ ಆಗಲೇ ಕೆಟ್ಟು ಕಂಪನಿಯ ಲೆಕ್ಕಕ್ಕೆ ಹೋಗಿರುತ್ತವೆ. ನಿಮ್ಮ ತಲೆಗೆ ಬರುವುದು ಬಿಸಿಗೆ, ಬಳಕೆಗೆ ಸವೆದು ಕೆಡುವಂಥವು.

ಇಂಥ 400 ಟಿವಿಗಳಲ್ಲಿ ಎರಡನೇ ವರ್ಷ 16, ಮೂರನೇ ವರ್ಷ 24, ಒಟ್ಟು 40 ರಿಪೇರಿಗೆ ಬಂದವು ಎನ್ನೋಣ. ಈ 40ನ್ನು ಏನು ಕೆಟ್ಟಿತ್ತು ಎಂಬುದರ ಮೇಲೆ ಬೇರ್ಪಡಿಸಿ. ಬ್ಯಾಕ್‌ಲೈಟ್ ಪಟ್ಟಿ ಹೋದದ್ದು 18, ತಲಾ 2,800 ರೂಪಾಯಿ. ಪವರ್ ಬೋರ್ಡ್ 10, ತಲಾ 2,200. ಮೇನ್ ಬೋರ್ಡ್ 7, ತಲಾ 5,000. ಪ್ಯಾನೆಲ್ 5, ತಲಾ 18,000. ಒಟ್ಟು 1,97,400 ರೂಪಾಯಿ. ಪ್ರತಿ ಸಲ ಮೆಕ್ಯಾನಿಕ್ ಮನೆಗೆ ಹೋಗಿ ಬರುವ ಖರ್ಚು 400 ರೂಪಾಯಿಯಂತೆ ಇನ್ನೂ 16,000 ಸೇರಿಸಿ. ಒಟ್ಟನ್ನು 400 ಟಿವಿಗೆ ಹಂಚಿದರೆ ಒಂದಕ್ಕೆ ಸುಮಾರು 534 ರೂಪಾಯಿ.

ಪ್ಯಾನೆಲ್ ಸಾಲನ್ನು ಇನ್ನೊಮ್ಮೆ ನೋಡಿ. ಎಂಟು ದೂರುಗಳಲ್ಲಿ ಒಂದು ಮಾತ್ರ ಅದರದ್ದು, ಆದರೆ ಹಣದಲ್ಲಿ ಹತ್ತಿರಹತ್ತಿರ ಅರ್ಧ. ರಿಜಿಸ್ಟರ್ ಮೋಸ ಮಾಡುವುದೂ ಇಲ್ಲೇ. ವಾರಂಟಿ ಇಲ್ಲದ ಗ್ರಾಹಕರು ಪ್ಯಾನೆಲಿಗೆ 18,000 ಆಗುತ್ತದೆ ಎಂದೊಡನೆ ‘ಬೇಡ ಬಿಡಿ ಸಾರ್, ಹೊಸದೇ ತಗೋತೀವಿ’ ಎಂದು ಟಿವಿ ವಾಪಸ್ ಒಯ್ಯುತ್ತಾರೆ. ರಿಪೇರಿ ಆಗದ ಕಾರಣ ಅದು ರಿಜಿಸ್ಟರಿಗೆ ಏರುವುದಿಲ್ಲ. ಅದೇ ಗ್ರಾಹಕರ ಕೈಯಲ್ಲಿ ನಿಮ್ಮ ಕಾರ್ಡಿದ್ದರೆ ಖಂಡಿತ ರಿಪೇರಿ ಕೇಳುತ್ತಿದ್ದರು. ಆದ್ದರಿಂದ ಎಸ್ಟಿಮೇಟ್ ಬರೆದುಕೊಟ್ಟ ಚೀಟಿಗಳ ಪ್ರತಿಯನ್ನೂ ಹುಡುಕಿ. ನಮ್ಮ ಉದಾಹರಣೆಯ ಐದು ಪ್ಯಾನೆಲ್‌ಗಳಲ್ಲಿ ರಿಪೇರಿಯಾದವು ಎರಡು, ಉಳಿದ ಮೂರು ಹೀಗೆ ಎಸ್ಟಿಮೇಟ್ ಚೀಟಿಯಲ್ಲಿ ಸಿಕ್ಕವು. ಅವನ್ನು ಬಿಟ್ಟಿದ್ದರೆ ಟಿವಿಗೆ 138 ರೂಪಾಯಿ ಮೊದಲ ಹೆಜ್ಜೆಯಲ್ಲೇ ಖೋತಾ ಆಗುತ್ತಿತ್ತು.

ಕಾಣದ ರಿಪೇರಿ, ಕಾರ್ಡು ಕೊಳ್ಳುವವರ ಸ್ವಭಾವ

ವಾರಂಟಿ ಮುಗಿದ ಮೇಲೆ ಕೆಟ್ಟ ಟಿವಿ ಎಲ್ಲವೂ ನಿಮ್ಮ ಬಳಿಗೇ ಬರುವುದಿಲ್ಲ. ಪಕ್ಕದ ಬೀದಿಯ ಮೆಕ್ಯಾನಿಕ್ ಬಳಿ ಹೋಗಿರುತ್ತದೆ. ಹಳೆಯ ಬಿಲ್ಲುಗಳಿಂದ ಐವತ್ತು ಅರವತ್ತು ಜನರನ್ನು ಕಣ್ಣುಮುಚ್ಚಿ ಆರಿಸಿ ಫೋನ್ ಮಾಡಿ, ಟಿವಿ ಯಾವತ್ತಾದರೂ ಕೆಟ್ಟಿತ್ತೇ, ಎಲ್ಲಿ ಮಾಡಿಸಿದಿರಿ ಎಂದು ಕೇಳಿ. ಎಸ್ಟಿಮೇಟ್ ಪಡೆದು ಹೋದವರನ್ನು ಮತ್ತೆ ಎಣಿಸಬೇಡಿ. ಅಂಗಡಿಗೆ ಬಂದ ಪ್ರತಿ ನಾಲ್ಕಕ್ಕೆ ಹೊರಗೆ ಹೋದದ್ದು ಒಂದು ಎಂದು ತಿಳಿದರೆ 534ನ್ನು 1.25ರಿಂದ ಗುಣಿಸಿ. 667 ಆಯಿತು.

ಇನ್ನು ಕಾರ್ಡು ಯಾರು ಕೊಳ್ಳುತ್ತಾರೆ ಎನ್ನುವುದು. ಮೇಲಿನ ಲೆಕ್ಕ ಟಿವಿ ಕೊಂಡ ಎಲ್ಲರದ್ದು, ಕಾರ್ಡು ಕೊಳ್ಳುವವರು ಅವರಲ್ಲಿ ಕೆಲವರು ಮಾತ್ರ. ವೋಲ್ಟೇಜ್ ಏರುಪೇರಿನ ಊರಿನವರು, ಹೋಟೆಲಿನಲ್ಲಿ ಬೆಳಿಗ್ಗೆಯಿಂದ ರಾತ್ರಿವರೆಗೆ ಟಿವಿ ಹಾಕಿಡುವವರು, ಹಿಂದೊಮ್ಮೆ ರಿಪೇರಿಗೆ ದುಡ್ಡು ಸುರಿದವರು ಇದಕ್ಕೆ ಮೊದಲು ಕೈಚಾಚುತ್ತಾರೆ. ಬಿಡಿ, ಇದು ಸಹಜ. ಆದರೆ ಅವರ ಟಿವಿ ಸರಾಸರಿಗಿಂತ ಹೆಚ್ಚು ಕೆಡುತ್ತದೆ. ಎಷ್ಟು ಹೆಚ್ಚು ಎನ್ನುವುದು ಕಾರ್ಡು ಮಾರಿ ನೋಡುವವರೆಗೆ ಯಾರಿಗೂ ಗೊತ್ತಾಗದು. ಆರಂಭಕ್ಕೆ 1.3ರಿಂದ ಗುಣಿಸಿ ಎಂಬುದು ನನ್ನ ಸಲಹೆ. 667 ಈಗ 867, ದುಂಡಾಗಿ 870 ಎನ್ನೋಣ. ವಾಣಿಜ್ಯ ಬಳಕೆಗೆ ಕಾರ್ಡು ಇಲ್ಲ ಎಂದು ಷರತ್ತಿನಲ್ಲಿ ಬರೆದರೆ ಹೋಟೆಲಿನ ಭಾರವಾದರೂ ಇಳಿಯುತ್ತದೆ.

ಕಾರ್ಡು ಮಾರುವ ದಿನವೂ ಮುಖ್ಯ. ಟಿವಿ ಕೊಂಡ ಮೂವತ್ತು ದಿನದೊಳಗೆ ಮಾತ್ರ ಕೊಡಿ. ಹನ್ನೊಂದನೇ ತಿಂಗಳಲ್ಲಿ ಬಂದು ಕಾರ್ಡು ಕೇಳುವವರ ಮನೆಯ ಟಿವಿ ಪರದೆಯಲ್ಲಿ ಆಗಲೇ ಒಂದು ಗೆರೆ ಮೂಡಿರಬಹುದು. ಹದಿಮೂರನೇ ತಿಂಗಳಲ್ಲೇ ದೂರುಗಳು ಗುಂಪಾಗಿ ಬಂದರೆ ಈ ಷರತ್ತು ಎಲ್ಲೋ ಸಡಿಲವಾಗಿದೆ ಎಂದೇ ಅರ್ಥ.

870 ರೂಪಾಯಿಯಿಂದ ಬೆಲೆಯವರೆಗೆ

ಈ 870 ಬರೀ ರಿಪೇರಿಯ ಅಂದಾಜು. ಇದರ ಮೇಲೆ ಅಂದಾಜು ತಪ್ಪಿದರೆ ತಡೆದುಕೊಳ್ಳಲು ಶೇ 15, ಅಂದರೆ 130 ರೂಪಾಯಿ. ಕಾರ್ಡು ಮುದ್ರಣ, ಫೋನು, ಲೆಕ್ಕ ಬರೆಯುವುದಕ್ಕೆ 60. ಸೇಲ್ಸ್ ಹುಡುಗರ ಇನ್‌ಸೆಂಟಿವ್ 150. ಅಂಗಡಿಯ ಲಾಭ 150. ಒಟ್ಟು 1,360.

ಇಲ್ಲಿಗೆ ನಿಲ್ಲಿಸಿದರೆ ನಷ್ಟ. ಗ್ರಾಹಕರು ಕೊಡುವ ಹಣದಲ್ಲಿ ಶೇ 18 ಜಿಎಸ್‌ಟಿಯೂ ಇರುತ್ತದೆ, ಅದು ನಿಮ್ಮದಲ್ಲ. 1,360ಕ್ಕೆ ತೆರಿಗೆ ಸೇರಿಸಿದರೆ 1,605. ಹಲಗೆಯ ಮೇಲೆ 1,599 ಎಂದು ಬರೆಯಬಹುದು. ಅದರಲ್ಲಿ ನಿಮ್ಮ ಕೈಗೆ ಉಳಿಯುವುದು 1,355. ಬಿಡಿಭಾಗಗಳ ಮೇಲಿನ ತೆರಿಗೆಗೆ ನಿಮಗೆ ಇನ್‌ಪುಟ್ ಕ್ರೆಡಿಟ್ ಸಿಗುವುದಿದ್ದರೆ ರಿಪೇರಿ ಖರ್ಚನ್ನು ತೆರಿಗೆ ಬಿಟ್ಟು ಬರೆಯಿರಿ. ಕಾಂಪೋಸಿಷನ್ ಯೋಜನೆಯಲ್ಲಿ ಇರುವವರಿಗೆ ಕ್ರೆಡಿಟ್ ಇಲ್ಲ, ತೆರಿಗೆಯ ಲೆಕ್ಕವೂ ಬೇರೆ. ಅವರು ತಮ್ಮ ಅಕೌಂಟೆಂಟ್ ಜೊತೆ ಕೂತು ಇದನ್ನು ಬಿಡಿಸಿಕೊಳ್ಳಬೇಕು.

ಎದುರು ಅಂಗಡಿಯವರು ಸಾವಿರಕ್ಕೆ ಕೊಡುತ್ತಾರೆಂದು ನೀವೂ ಸಾವಿರಕ್ಕೆ ಇಳಿದರೆ ತೆರಿಗೆ ಕಳೆದು ಕೈಗೆ ಬರುವುದು 847. ರಿಪೇರಿಯ ಅಂದಾಜೇ 870. ಇನ್‌ಸೆಂಟಿವ್ ಕೊಡುವ ಮೊದಲೇ ಪ್ರತಿ ಕಾರ್ಡಿಗೂ ನಷ್ಟ ಶುರುವಾಗಿರುತ್ತದೆ.

ಒಂದೆರಡು ಪ್ಯಾನೆಲ್ ಹೆಚ್ಚಾದರೆ?

ನೂರು ಕಾರ್ಡು ಮಾರಿದರೆ ಈ ಅಂದಾಜಿನಂತೆ ಎರಡು ವರ್ಷದಲ್ಲಿ ಸುಮಾರು 16 ದೂರು ಬರಬೇಕು, ಅದರಲ್ಲಿ ಎರಡು ಪ್ಯಾನೆಲ್‌ನದ್ದು. ಆದರೆ ಅದು ಸರಾಸರಿ ಮಾತ್ರ. ಎರಡು ನಿರೀಕ್ಷಿಸಿದಲ್ಲಿ ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಪ್ಯಾನೆಲ್ ಹೋಗುವ ಸಾಧ್ಯತೆ ಏಳರಲ್ಲಿ ಒಂದರಷ್ಟಿದೆ. ಹಾಗಾದರೆ ಹೆಚ್ಚುವರಿ ಖರ್ಚು 36,800 ರೂಪಾಯಿ. ನೂರು ಕಾರ್ಡಿನಿಂದ ನೀವು ತೆಗೆದಿಟ್ಟ ಮುಂಜಾಗ್ರತೆಯ ಹಣ 13,000, ಲಾಭ 15,000. ಎರಡೂ ಹೋಗಿ ಮೇಲೆ ಸಾಲ. ಸಾವಿರಾರು ಕಾರ್ಡು ಮಾರುವ ದೊಡ್ಡ ಸರಣಿ ಮಳಿಗೆಗೆ ಈ ಏರುಪೇರು ಸರಾಸರಿಯಲ್ಲಿ ಕರಗಿಹೋಗುತ್ತದೆ, ಸಣ್ಣ ಅಂಗಡಿಗೆ ಕರಗದು.

ಇದಕ್ಕೆ ಮದ್ದು ಗರಿಷ್ಠ ಮಿತಿ. ರಿಪೇರಿಗೆ ಬಿಲ್ಲಿನ ಮೊತ್ತದ ಅರ್ಧಕ್ಕಿಂತ ಹೆಚ್ಚಾಗುವುದಾದರೆ 15,000 ರೂಪಾಯಿಯನ್ನು ಹೊಸ ಟಿವಿಯ ಬೆಲೆಯಲ್ಲಿ ಕಳೆದುಕೊಡಲಾಗುವುದು ಎಂದು ಬರೆಯಬಹುದು. ಗ್ರಾಹಕರು ಉಳಿದ ಹಣ ಹಾಕಿ ಹೊಸದು ಒಯ್ದರೆ ಆ ಮಾರಾಟದ ಲಾಭವೂ ನಿಮಗೇ ಸಿಗುತ್ತದೆ. ಪ್ಯಾನೆಲ್ ಸಿಗದೇ ಹೋದ ಹಳೆಯ ಮಾಡೆಲ್‌ಗಳಿಗೂ ಇದೇ ದಾರಿ.

ಮಿತಿಯಿಂದ ಬಗೆಹರಿಯದ ಇನ್ನೊಂದು ಅಪಾಯ ಸಿಡಿಲು. ಮುಂಗಾರಿಗೆ ಮೊದಲಿನ ಗುಡುಗುಮಳೆಯ ಒಂದೇ ರಾತ್ರಿ, ಡಿಶ್ ಕೇಬಲ್ ಮೂಲಕ ನುಗ್ಗಿದ ವಿದ್ಯುತ್ತು ಒಂದೇ ಊರಿನ ಹತ್ತು ಟಿವಿಗಳ ಎಚ್‌ಡಿಎಂಐ ಪೋರ್ಟನ್ನೂ ಮೇನ್ ಬೋರ್ಡನ್ನೂ ಸುಡಬಹುದು. ಬಿಡಿಬಿಡಿಯಾಗಿ ಕೆಡುವ ಟಿವಿಗಳಿಗೆ ಮಾಡಿದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಸಿಡಿಲು, ಒಡೆದ ಪರದೆ, ನೀರು ಬಿದ್ದದ್ದು ಇವನ್ನು ಹೊರಗಿಡಿ. ಅಪಘಾತ, ಕಳವಿಗೆಲ್ಲ ಪರಿಹಾರ ಕೊಡುತ್ತೇವೆಂದು ಹೊರಟರೆ ಅದು ವಿಮೆಯ ವ್ಯವಹಾರವಾಗುತ್ತದೆ, ವಿಮೆಗೆ ಐಆರ್‌ಡಿಎಐ ಪರವಾನಗಿ ಬೇಕು.

ಹಣ ಎಲ್ಲಿಡಬೇಕು, ಲೆಕ್ಕ ಹೇಗಿಡಬೇಕು

ಕಾರ್ಡಿನ ಹಣ ಇಂದೇ ಬರುತ್ತದೆ, ಮೊದಲ ದೂರು ಬರುವುದು ಹದಿಮೂರನೇ ತಿಂಗಳಿಗೆ. ಮೊದಲ ವರ್ಷ ಗಲ್ಲಾಪೆಟ್ಟಿಗೆಯಲ್ಲಿ ಕಾಣುವುದೆಲ್ಲ ಲಾಭದಂತೆಯೇ ಇರುತ್ತದೆ. ನೂರು ಕಾರ್ಡಿಗೆ ರಿಪೇರಿಯ 87,000, ಮುಂಜಾಗ್ರತೆಯ 13,000, ಒಟ್ಟು ಒಂದು ಲಕ್ಷವನ್ನು ಬೇರೆ ಖಾತೆಯಲ್ಲಿಡಿ. ಹಬ್ಬದ ಸ್ಟಾಕ್ ತರಿಸಲು ಅದಕ್ಕೆ ಕೈಹಾಕಬೇಡಿ.

ದೂರುಗಳನ್ನು ಟಿವಿ ಮಾರಿದ ವರ್ಷದ ತಂಡವಾರು ಬರೆಯಿರಿ. ಈ ವರ್ಷ ಬಂದ ಕಾರ್ಡಿನ ಹಣ, ಈ ವರ್ಷ ಆದ ರಿಪೇರಿ ಖರ್ಚು ಎಂದು ಪಕ್ಕಪಕ್ಕ ಇಟ್ಟರೆ ವ್ಯಾಪಾರ ಬೆಳೆಯುತ್ತಿರುವ ಅಂಗಡಿ ಮೋಸಹೋಗುವುದು ಖಚಿತ. ಮೊದಲ ವರ್ಷ 100, ಎರಡನೇ ವರ್ಷ 200, ಮೂರನೇ ವರ್ಷ 400 ಕಾರ್ಡು ಮಾರಿದಿರಿ ಎನ್ನಿ. ಮೂರನೇ ವರ್ಷ ಕೈಗೆ ಬಂದದ್ದು 5,42,000. ಆ ವರ್ಷ ರಿಪೇರಿಗೆ ಬರುವುದು ಮೊದಲೆರಡು ತಂಡಗಳ ಟಿವಿಗಳು ಮಾತ್ರ, ಖರ್ಚು ಸುಮಾರು 1,22,000. ನೂರಕ್ಕೆ ಇಪ್ಪತ್ತೆರಡೇ ಖರ್ಚು ಎಂದು ಖುಷಿಯಾಗುತ್ತದೆ. ನಿಜವಾದ ಅನುಪಾತ 1,355ಕ್ಕೆ 870, ಅಂದರೆ ನೂರಕ್ಕೆ 64. ರಿಪೇರಿ ಅಂದಾಜಿನ ಇಮ್ಮಡಿ ಆಗಿದ್ದರೂ ಈ ಪಟ್ಟಿ ನೂರಕ್ಕೆ 45 ಎಂದು ತೋರಿಸುತ್ತದೆ, ಒಳಗೆ ಪ್ರತಿ ಕಾರ್ಡಿಗೂ ನಷ್ಟವಾಗುತ್ತಿರುತ್ತದೆ.

ತಂಡವಾರು ಬರೆದಿದ್ದರೆ ಇದು ಬೇಗ ಸಿಕ್ಕಿಬೀಳುತ್ತದೆ. ರಿಪೇರಿಗಳು 16ಕ್ಕೆ 24ರ ಪ್ರಮಾಣದಲ್ಲಿ ಬರುವುದರಿಂದ ನೂರು ಕಾರ್ಡಿನ ತಂಡವೊಂದು ಎರಡನೇ ವರ್ಷದ ಕೊನೆಗೆ ಸುಮಾರು 35,000 ಖರ್ಚು ಮಾಡಿಸಿರಬೇಕು. 50,000 ದಾಟಿದ್ದರೆ ಮೊದಲು ಪ್ಯಾನೆಲ್‌ಗಳನ್ನು ಎಣಿಸಿ. ಅವು ಹೆಚ್ಚಾಗಿದ್ದರೆ ಅದೃಷ್ಟ ಕೆಟ್ಟಿದ್ದಿರಬಹುದು, ಇನ್ನೊಂದು ತಂಡದ ಅಂಕಿಗೆ ಕಾಯಬಹುದು. ಬ್ಯಾಕ್‌ಲೈಟು, ಪವರ್ ಬೋರ್ಡುಗಳೇ ಹೆಚ್ಚಾಗಿದ್ದರೆ 1.3 ಸಾಲದು ಅಥವಾ ಯಾವುದೋ ಒಂದು ಮಾಡೆಲ್ ಕೆಟ್ಟದ್ದು. ಹೊಸ ಕಾರ್ಡಿನ ಬೆಲೆಯನ್ನು ಆ ತಿಂಗಳೇ ಬದಲಿಸಿ.

ಗ್ರಾಹಕರು 1,599 ಜಾಸ್ತಿ ಎಂದರೆ ಅದೇ ಕಾರ್ಡಿನ ಬೆಲೆ ಇಳಿಸುವ ಬದಲು ಪ್ಯಾನೆಲ್ ಇಲ್ಲದ ಇನ್ನೊಂದು ಕಾರ್ಡು ಮಾಡಿ. ಮೇಲಿನ ಪಟ್ಟಿಯಿಂದ ಪ್ಯಾನೆಲ್ ತೆಗೆದು ಅದೇ ಗುಣಾಕಾರ ಮಾಡಿದರೆ ರಿಪೇರಿ ಅಂದಾಜು 493. ಮುಂಜಾಗ್ರತೆಗೆ 74, ಕಾಗದಪತ್ರಕ್ಕೆ 60, ಇನ್‌ಸೆಂಟಿವ್ 100, ಲಾಭ 120 ಸೇರಿ 847. ತೆರಿಗೆಯೊಂದಿಗೆ ಸರಿಯಾಗಿ 999. ‘ಪ್ಯಾನೆಲ್ ಸೇರಿಲ್ಲ’ ಎನ್ನುವುದು ಮಾತ್ರ ಕಾರ್ಡಿನ ಮುಂಭಾಗದಲ್ಲೇ ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿರಲಿ, ಅದರ ಕೆಳಗೇ ಗ್ರಾಹಕರ ಸಹಿ ಹಾಕಿಸಿಕೊಳ್ಳಿ. ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಅಡಗಿಸಿಟ್ಟರೆ ಜಿಲ್ಲಾ ಗ್ರಾಹಕರ ಆಯೋಗದ ಮುಂದೆ ಅದನ್ನು ಸಮರ್ಥಿಸಿಕೊಳ್ಳುವುದು ಕಷ್ಟ, ಅಲ್ಲಿಗೆ ಓಡಾಡುವ ಖರ್ಚು ಈ ಲೆಕ್ಕದಲ್ಲಿ ಎಲ್ಲೂ ಸೇರಿಲ್ಲ.