ಜನರೇಟರ್ ಕೊಠಡಿ: ಗಾಳಿ, ಹೊಗೆ, ಡೀಸೆಲ್‌ಗೆ ದಾರಿ ಮಾಡುವುದು ಹೇಗೆ?

ಸ್ವಲ್ಪ ಹೊತ್ತು ಚೆನ್ನಾಗಿ ಓಡಿದ ಡೀಸೆಲ್ ಜನರೇಟರ್ ಮುಕ್ಕಾಲು ಗಂಟೆಯ ಹೊತ್ತಿಗೆ ನೀರು ಬಿಸಿಯಾಗಿ ತಾನಾಗಿಯೇ ನಿಂತುಬಿಟ್ಟರೆ, ಎಲ್ಲರೂ ಮೊದಲು ರೇಡಿಯೇಟರ್ ತೊಳೆಸುತ್ತಾರೆ. ಆದರೆ ಅನೇಕ ವೇಳೆ ದೋಷ ಇರುವುದು ಯಂತ್ರದಲ್ಲಲ್ಲ, ಅದನ್ನು ಇಟ್ಟ ಕೊಠಡಿಯಲ್ಲಿ. ಉದಾಹರಣೆಗೆ, 15 ಮೀಟರ್ ಎತ್ತರದ ಆಸ್ಪತ್ರೆಯೊಂದರ ನೆಲಮಹಡಿಯಲ್ಲಿ ಕ್ಯಾನೊಪಿ ಎಂಬ ಸದ್ದು ತಗ್ಗಿಸುವ ಕವಚ ಸಹಿತ 250 ಕೆವಿಎ ಸೆಟ್ ಇಡುವುದಾದರೆ ಕೊಠಡಿಯನ್ನು ಹೇಗೆ ಸಿದ್ಧಪಡಿಸಬೇಕೆಂದು ನೋಡೋಣ.

ಮೊದಲ ಹೆಜ್ಜೆ ಗಾಳಿಯದು. ಪೂರ್ಣ ಲೋಡ್‌ನಲ್ಲಿ ಈ ಗಾತ್ರದ ಯಂತ್ರದ ರೇಡಿಯೇಟರ್ ಹೊರಹಾಕುವ ಶಾಖವೇ ಸುಮಾರು 100 ಕಿಲೋವ್ಯಾಟ್‌ನಷ್ಟಿರುತ್ತದೆ. ಕ್ಯಾನೊಪಿಯ ಬಿಸಿಗಾಳಿ ಕೊಠಡಿಯೊಳಗೇ ಬಿದ್ದರೆ ಫ್ಯಾನು ಅದನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಗೋಡೆಗೆ ಎಕ್ಸಾಸ್ಟ್ ಫ್ಯಾನು ಹಾಕಿಸಿದರೂ ಇದು ಸರಿಹೋಗುವುದಿಲ್ಲ. ಆದ್ದರಿಂದ ಕ್ಯಾನೊಪಿಯ ಬಿಸಿಗಾಳಿಯ ಬಾಯಿಂದ ಹೊರಗೋಡೆಯವರೆಗೆ ತಗಡಿನ ಡಕ್ಟ್ ಕಟ್ಟಿ, ಯಂತ್ರದ ಕಂಪನ ಅದಕ್ಕೆ ತಾಗದಂತೆ ನಡುವೆ ಕ್ಯಾನ್ವಾಸ್ ಜೋಡಣೆ ಕೊಡಬೇಕು. ತಂಪು ಗಾಳಿಯ ಕಿಂಡಿ ಎದುರುಗೋಡೆಯಲ್ಲಿ, ಆಲ್ಟರ್ನೇಟರ್ ಇರುವ ಕಡೆಯಲ್ಲಿ ಇದ್ದರೆ ಗಾಳಿ ಇಡೀ ಯಂತ್ರವನ್ನು ಸವರಿಕೊಂಡು ಹೋಗುತ್ತದೆ.

ಕಿಂಡಿಯ ಅಳತೆಗೆ ತಯಾರಕರ ದತ್ತಾಂಶ ಪಟ್ಟಿಯಲ್ಲಿರುವ ಫ್ಯಾನಿನ ಗಾಳಿಯ ಪ್ರಮಾಣವೇ ಆಧಾರ. ಅದು ಸೆಕೆಂಡಿಗೆ 6 ಘನ ಮೀಟರ್ ಎಂದಿಟ್ಟುಕೊಂಡರೆ, ಸೆಕೆಂಡಿಗೆ 2.5 ಮೀಟರ್ ವೇಗದಲ್ಲಿ ಒಳಬರಲು 2.4 ಚದರ ಮೀಟರ್ ತೆರಪು ಬೇಕು. ಕಿಂಡಿಗೆ ಹಾಕುವ ಲೂವರ್‌ಗಳ ಓರೆ ಪಟ್ಟಿಗಳು ಅರ್ಧ ಜಾಗವನ್ನು ನುಂಗುವುದರಿಂದ ಗೋಡೆಯಲ್ಲಿ ಕೊರೆಯಬೇಕಾದದ್ದು 2.4 ಮೀಟರ್ ಅಗಲ, 2 ಮೀಟರ್ ಎತ್ತರದ ಕಿಂಡಿ. ಎಷ್ಟೋ ಕಟ್ಟಡಗಳಲ್ಲಿ ಈ ಲೆಕ್ಕ ಮಾಡದೆ ಒಂದು ಕಿಟಕಿಯಷ್ಟು ಜಾಗ ಬಿಟ್ಟು, ಆಮೇಲೆ ಇಲಿ ಬರುತ್ತದೆಂದು ಅದಕ್ಕೂ ಸಣ್ಣ ಕಣ್ಣಿನ ಜಾಲರಿ ಬಡಿದಿರುತ್ತಾರೆ. ಯಂತ್ರ ಓಡುವಾಗ ಹೊರಕ್ಕೆ ತೆರೆಯುವ ಬಾಗಿಲು ಎಳೆಯಲು ಕಷ್ಟವಾದರೆ ಒಳಬರುವ ಗಾಳಿ ಸಾಲುತ್ತಿಲ್ಲ ಎಂದರ್ಥ. ನಿಜವಾದ ಲೋಡ್‌ನಲ್ಲಿ ಒಂದು ಗಂಟೆ ಓಡಿಸಿ, ಕ್ಯಾನೊಪಿಗೆ ಗಾಳಿ ಒಳಹೋಗುವ ಬಾಯಿಯಲ್ಲೂ ಹೊರಗೆ ನೆರಳಿನಲ್ಲೂ ಉಷ್ಣಮಾಪಕ ಹಿಡಿಯಬೇಕು. ವ್ಯತ್ಯಾಸ 10 ಡಿಗ್ರಿ ಮೀರಿದರೆ ಬಿಸಿಗಾಳಿ ಎಲ್ಲಿಂದಲೋ ಹಿಂದಿರುಗುತ್ತಿದೆ.

ಹೊಗೆಕೊಳವೆಯ ಎತ್ತರಕ್ಕೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸೂತ್ರವಿದೆ: `H = h + 0.2 × √kVA`. ಇಲ್ಲಿ `H` ಕೊಳವೆಯ ಎತ್ತರ, `h` ಕಟ್ಟಡದ ಎತ್ತರ, ಎರಡೂ ಮೀಟರ್‌ಗಳಲ್ಲಿ. 250ರ ವರ್ಗಮೂಲ 15.8 ಆದ್ದರಿಂದ ನಮ್ಮ ಕೊಳವೆ ಕಟ್ಟಡಕ್ಕಿಂತ ಸುಮಾರು 3.2 ಮೀಟರ್ ಮೇಲಕ್ಕೆ, ಅಂದರೆ ನೆಲದಿಂದ 18.2 ಮೀಟರ್ ಎತ್ತರಕ್ಕೆ ಹೋಗಬೇಕು. ಅದರ ಬಾಯಿ ಎಸಿ ಘಟಕಗಳ ಗಾಳಿ ಕಿಂಡಿಯತ್ತ ಇರಬಾರದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ.

ಇಷ್ಟುದ್ದದ ಕೊಳವೆಗೆ ಎಂಜಿನ್ನಿನ ಬಾಯಿಯ ಅಳತೆಯನ್ನೇ ಮುಂದುವರಿಸುವುದು ಸಾಮಾನ್ಯ ತಪ್ಪು. ಕೊಳವೆಯ ಘರ್ಷಣೆ ವ್ಯಾಸದ ಐದನೆಯ ಘಾತಕ್ಕೆ ವಿಲೋಮವಾಗಿರುವುದರಿಂದ 150 ಮಿಲಿಮೀಟರ್ ಬದಲು 200 ಹಾಕಿದರೆ ಅದು ಕಾಲು ಭಾಗಕ್ಕಿಳಿಯುತ್ತದೆ. ಘರ್ಷಣೆಯಿಂದ ಎಂಜಿನ್ನಿನ ಮೇಲೆ ಬೀಳುವ ಹಿಮ್ಮುಖ ಒತ್ತಡ ತಯಾರಕರ ಮಿತಿ ದಾಟಿದರೆ ಕಪ್ಪುಹೊಗೆ ಬರುತ್ತದೆ, ಲೋಡ್ ಎಳೆಯುವ ಶಕ್ತಿ ಕುಗ್ಗುತ್ತದೆ. ಉಕ್ಕಿನ 10 ಮೀಟರ್ ಕೊಳವೆ 400 ಡಿಗ್ರಿ ಬಿಸಿಯಾದರೆ ಸುಮಾರು 48 ಮಿಲಿಮೀಟರ್ ಹಿಗ್ಗುತ್ತದೆ. ಈ ಹಿಗ್ಗನ್ನು ಬೆಲ್ಲೋಸ್ ಎಂಬ ಮಡಿಕೆಯ ಲೋಹದ ಜೋಡಣೆಗಳು ತಾಳಿಕೊಳ್ಳಬೇಕು, ಭಾರವನ್ನು ಗೋಡೆಯ ಆಸರೆಗಳು ಹೊರಬೇಕು, ಟರ್ಬೊಚಾರ್ಜರ್ ಮೇಲೆ ಭಾರ ಬೀಳಕೂಡದು. ಕೊಠಡಿಯೊಳಗಿನ ಕೊಳವೆಗೆ ರಾಕ್‌ವೂಲ್ ಸುತ್ತಿ ಅಲ್ಯೂಮಿನಿಯಂ ತಗಡು ಹೊದಿಸಬೇಕು. ಮೇಲೇರುವ ಕೊಳವೆಯ ಬುಡದಲ್ಲಿ ನೀರು ಬಸಿಯುವ ಕೊಳಾಯಿ ಇಲ್ಲದಿದ್ದರೆ ಮಳೆನೀರು ಎಂಜಿನ್ನಿಗೇ ಇಳಿಯುತ್ತದೆ. ಎರಡು ಸೆಟ್‌ಗಳಿದ್ದರೆ ಕೊಳವೆಗಳನ್ನು ಕೂಡಿಸಬಾರದು. ಓಡುತ್ತಿರುವ ಯಂತ್ರದ ಹೊಗೆ ನಿಂತಿರುವುದರೊಳಗೆ ನುಗ್ಗುತ್ತದೆ.

ಇನ್ನು ಎಂಜಿನ್ನಿನ ನಿತ್ಯದ ಬಳಕೆಗೆ ಡೀಸೆಲ್ ತುಂಬಿಡುವ ಡೇ ಟ್ಯಾಂಕ್. ಪೂರ್ಣ ಲೋಡ್‌ನಲ್ಲಿ ಈ ಸೆಟ್ ಗಂಟೆಗೆ ಸುಮಾರು 50–55 ಲೀಟರ್ ಡೀಸೆಲ್ ಕುಡಿಯುವುದರಿಂದ 990 ಲೀಟರ್ ಟ್ಯಾಂಕ್ ಹೆಚ್ಚುಕಡಿಮೆ 18 ಗಂಟೆಗೆ ಸಾಕು. ಈ ವಿಚಿತ್ರ ಅಳತೆಗೆ ಕಾರಣ ಪೆಟ್ರೋಲಿಯಂ ಕಾಯ್ದೆ: ಡೀಸೆಲ್‌ನಂಥ ‘ಬಿ’ ವರ್ಗದ ಇಂಧನವನ್ನು ಪರವಾನಗಿಯಿಲ್ಲದೆ ಒಂದೆಡೆ ಒಟ್ಟು 2,500 ಲೀಟರ್‌ವರೆಗೆ, ಯಾವ ಪಾತ್ರೆಯೂ 1,000 ಲೀಟರ್ ಮೀರದಂತೆ ಇಡಬಹುದು. ಟ್ಯಾಂಕ್ ಸೋರಿದರೆ ಹಿಡಿಯಲು ಸುತ್ತಲೂ ಅದರ 110 ಶೇಕಡಾ ಪ್ರಮಾಣದ ಕಟ್ಟೆ, ಅಂದರೆ 1.5 ಮೀಟರ್ ಚೌಕಕ್ಕೆ ಅರ್ಧ ಮೀಟರ್ ಎತ್ತರ ಬೇಕು.

ಎತ್ತರದಲ್ಲಿಟ್ಟರೆ ಡೀಸೆಲ್ ಸರಾಗವಾಗಿ ಬರುತ್ತದೆಂದು ಟ್ಯಾಂಕನ್ನು ಗೋಡೆಯ ಮೇಲೇರಿಸುವವರಿದ್ದಾರೆ. ಇಂಧನದ ಮಟ್ಟ ಇಂಜೆಕ್ಟರ್‌ಗಳಿಗಿಂತ ಮೇಲಿದ್ದರೆ, ಯಂತ್ರ ನಿಂತಾಗ ಡೀಸೆಲ್ ಸಿಲಿಂಡರಿಗೆ ಜಿನುಗಬಹುದು. ಹಾಗೆ ಇಡಲೇಬೇಕಾದರೆ ನಡುವೆ ವಿದ್ಯುತ್ತಿನಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವ್ ಬೇಕು. ಗ್ಯಾಲ್ವನೈಸ್ಡ್ ಕೊಳವೆಯ ಸತು ಡೀಸೆಲ್‌ನೊಂದಿಗೆ ವರ್ತಿಸಿ ಫಿಲ್ಟರ್ ಕಟ್ಟುವ ಜಿಗುಟನ್ನು ಉಂಟುಮಾಡುವುದರಿಂದ ಕಪ್ಪು ಉಕ್ಕಿನ ಕೊಳವೆಯೇ ಸರಿ. ಟ್ಯಾಂಕಿನ ಗಾಳಿಕೊಳವೆಯನ್ನು ಕೊಠಡಿಯ ಹೊರಕ್ಕೆ ಒಯ್ಯಬೇಕು, ಹಿಂದಿರುಗುವ ಡೀಸೆಲ್‌ನ ಕೊಳವೆಗೆ ವಾಲ್ವ್ ಹಾಕಬಾರದು. ಎಂಜಿನ್ನಿಗೆ ಹೋಗುವ ಕೊಳವೆ ತಳದಿಂದ 50 ಮಿಲಿಮೀಟರ್ ಮೇಲಿರಲಿ. ಕೆಳಗೆ ಸೇರುವ ನೀರನ್ನು ಬಸಿಯುವ ಕೊಳಾಯಿಯಿಂದ ಆಗಾಗ, ಶುದ್ಧ ಡೀಸೆಲ್ ಬರುವವರೆಗೆ, ಬಕೆಟ್ಟಿಗೆ ಬಿಡಬೇಕು.